ಅಕ್ಷತೆ ಬೀಳುವ ಹೊತ್ತಿಗೆ ಕಾರ್ಡ್‌ನಲ್ಲಿ ಜಾಗವಿರಲಿ

ಮದುವೆಯ ವಿಡಿಯೊ ಬಗ್ಗೆ ಸ್ಟುಡಿಯೊದವರ ಜೊತೆ ನಡೆಯುವ ಮಾತುಕತೆ ಈಗ ಎರಡು ಅಂಕಿಗಳಲ್ಲಿ ಮುಗಿದುಹೋಗುತ್ತದೆ. ‘4ಕೆ ತಾನೇ?’ ಎಂದು ಮನೆಯವರು ಕೇಳುತ್ತಾರೆ. ‘4ಕೆ ಸಾರ್, ಅದೂ 60 ಫ್ರೇಮ್‌ನಲ್ಲಿ’ ಎಂಬ ಉತ್ತರ ಬರುತ್ತದೆ. ಎರಡೂ ಕಡೆಯವರಿಗೆ ಸಮಾಧಾನವಾಗುತ್ತದೆ. ಆದರೆ ಆ ವಿಡಿಯೊ ನಿಮಿಷಕ್ಕೆ ಎಷ್ಟು ಜಾಗ ಹಿಡಿಯುತ್ತದೆ, ಮುಹೂರ್ತ ಮುಗಿಯುವವರೆಗೆ ಮೆಮೊರಿ ಕಾರ್ಡ್ ಸಾಲುತ್ತದೆಯೇ, ಮಾಂಗಲ್ಯಧಾರಣೆಯ ಗಳಿಗೆಯಲ್ಲಿ ಚಿತ್ರ ಸ್ವಚ್ಛವಾಗಿ ಉಳಿಯುತ್ತದೆಯೇ ಎಂಬುದನ್ನೆಲ್ಲ ನಿರ್ಧರಿಸುವ ಮೂರನೆಯ ಅಂಕಿಯೊಂದಿದೆ. ಅದರ ಹೆಸರು ಬಿಟ್‌ರೇಟ್. ಕ್ಯಾಮೆರಾದ ಮೆನುವಿನಲ್ಲಿ ಅದು ರೆಸಲ್ಯೂಶನ್‌ಗಿಂತ ಒಂದು ಪುಟ ಕೆಳಗೆ ಕುಳಿತಿರುತ್ತದೆ, ಮಾತುಕತೆಯಲ್ಲಿ ಅದರ ಪ್ರಸ್ತಾಪವೇ ಇರುವುದಿಲ್ಲ.

ಈ ಲೇಖನದ ವಾದ ಇಷ್ಟೇ. ಮದುವೆಗೆ ಕ್ಯಾಮೆರಾದ ಅತಿ ದೊಡ್ಡ ಸೆಟ್ಟಿಂಗ್ ಬೇಕಿಲ್ಲ. 4ಕೆ ರೆಸಲ್ಯೂಶನ್, ಸೆಕೆಂಡಿಗೆ 25 ಫ್ರೇಮ್, 100 ಮೆಗಾಬಿಟ್‌ನ ಬಿಟ್‌ರೇಟ್ ಎಂಬ ಮೂರು ಅಂಕಿಗಳ ಮೇಲೆ ಮದುವೆಯ ಬಹುಪಾಲು ನಿಲ್ಲಬೇಕು. ಸೆಕೆಂಡಿಗೆ 50 ಫ್ರೇಮ್ ಎಂಬುದು ನಿಧಾನಗತಿಯಲ್ಲಿ ತೋರಿಸಲೇಬೇಕಾದ ಕೆಲವೇ ನಿಮಿಷಗಳಿಗೆ ಮೀಸಲಾಗಬೇಕು. ಹೀಗೆ ಉಳಿಯುವ ಜಾಗವನ್ನು ಎರಡನೆಯ ಪ್ರತಿಗೆ ಬಳಸಬೇಕು. ಇದನ್ನು ಒಪ್ಪುವ ಮೊದಲು ಲೆಕ್ಕ ನೋಡುವುದು ನ್ಯಾಯ.

ಜಾಗದ ಲೆಕ್ಕ ಎಲ್ಲಿಂದ ಹುಟ್ಟುತ್ತದೆ

ವಿಡಿಯೊ ಎಂದರೆ ವೇಗವಾಗಿ ಬದಲಾಗುವ ಸ್ಥಿರಚಿತ್ರಗಳ ಸಾಲು. ಒಂದೊಂದು ಚಿತ್ರವೂ ಒಂದು ಫ್ರೇಮ್. ಫುಲ್ ಎಚ್‌ಡಿಯ ಒಂದು ಫ್ರೇಮ್‌ನಲ್ಲಿ ಅಡ್ಡಕ್ಕೆ 1920, ಉದ್ದಕ್ಕೆ 1080 ಚುಕ್ಕೆಗಳಿರುತ್ತವೆ, ಅಂದರೆ ಸುಮಾರು 20 ಲಕ್ಷ ಪಿಕ್ಸೆಲ್. 4ಕೆಯಲ್ಲಿ ಅಡ್ಡ 3840, ಉದ್ದ 2160. ಎರಡೂ ಕಡೆ ಇಮ್ಮಡಿಯಾಗುವುದರಿಂದ ಒಟ್ಟು ಪಿಕ್ಸೆಲ್‌ಗಳು ನಾಲ್ಕು ಪಟ್ಟಾಗಿ ಸುಮಾರು 83 ಲಕ್ಷ ಮುಟ್ಟುತ್ತವೆ. ಸಾಮಾನ್ಯ ಕ್ಯಾಮೆರಾ ಬಳಸುವ ಬಣ್ಣದ ಪದ್ಧತಿಯಲ್ಲಿ ಒಂದು ಪಿಕ್ಸೆಲ್‌ಗೆ ಸರಾಸರಿ ಒಂದೂವರೆ ಬೈಟ್ ಬೇಕು. ಹಾಗಾಗಿ ಏನನ್ನೂ ಒತ್ತಿ ಕುಗ್ಗಿಸದೆ ಬರೆದಿಟ್ಟರೆ 4ಕೆಯ ಒಂದೇ ಫ್ರೇಮ್ 12.4 ಎಂಬಿ ತೂಗುತ್ತದೆ. ಸೆಕೆಂಡಿಗೆ 25 ಫ್ರೇಮ್‌ನಂತೆ ಒಂದು ನಿಮಿಷಕ್ಕೆ 18 ಜಿಬಿ ದಾಟುತ್ತದೆ. 128 ಜಿಬಿಯ ಕಾರ್ಡ್ ಏಳು ನಿಮಿಷ ತುಂಬುವ ಮೊದಲೇ ಮುಗಿದು, ಗಣಪತಿ ಪೂಜೆಗೂ ಸಾಲುತ್ತಿರಲಿಲ್ಲ.

ಹಾಗಾಗದಂತೆ ತಡೆಯುವುದು ಕ್ಯಾಮೆರಾದೊಳಗಿನ ಕುಗ್ಗಿಸುವ ಕ್ರಮ, ಅಂದರೆ ಕೋಡೆಕ್. ಅದು ಪ್ರತಿ ಫ್ರೇಮನ್ನೂ ಪೂರ್ತಿ ಬರೆಯುವುದಿಲ್ಲ. ಆಗೊಮ್ಮೆ ಈಗೊಮ್ಮೆ ಒಂದು ಪೂರ್ಣ ಫ್ರೇಮ್ ಬರೆದು, ನಡುವಿನ ಫ್ರೇಮ್‌ಗಳಲ್ಲಿ ಏನು ಬದಲಾಯಿತು ಎಂಬುದನ್ನಷ್ಟೇ ಬರೆಯುತ್ತದೆ. ಪುರೋಹಿತರ ಕೈ ಅಲ್ಲಾಡಿತು, ಹಿಂದಿನ ಹೂವಿನ ಅಲಂಕಾರ ಇದ್ದಂತೆಯೇ ಇದೆ ಎಂದಾದರೆ, ಕೈಯ ಚಲನೆಯನ್ನು ಗುರುತಿಸಿ ಹೂವನ್ನು ಹಿಂದಿನ ಫ್ರೇಮ್‌ನಿಂದಲೇ ಎತ್ತಿಕೊಳ್ಳುತ್ತದೆ. ಹೀಗೆ ಬರೆಯುವಾಗ ಸೆಕೆಂಡಿಗೆ ಒಟ್ಟು ಎಷ್ಟು ಬಿಟ್ ಖರ್ಚು ಮಾಡಬಹುದು ಎಂದು ಕ್ಯಾಮೆರಾಗೆ ಒಂದು ಮಿತಿ ಹಾಕಿರುತ್ತಾರೆ. ಆ ಮಿತಿಯೇ ಬಿಟ್‌ರೇಟ್. ಕಾರ್ಡ್‌ನ ಮೇಲೆ ಬೀಳುವುದು ಅದಷ್ಟೇ. ಮೆನುವಿನಲ್ಲಿ ಕಾಣುವ ಮೆಗಾಬಿಟ್ ಅಂಕಿಯಿಂದ ನಿಮಿಷದ ಲೆಕ್ಕಕ್ಕೆ ಬರುವ ದಾರಿ ತೀರ ಸರಳ: ಎಂಟು ಬಿಟ್‌ಗೆ ಒಂದು ಬೈಟ್, ಅರವತ್ತು ಸೆಕೆಂಡಿಗೆ ಒಂದು ನಿಮಿಷ.

```
Mbps × 60 ÷ 8 = MB/min
100 × 60 ÷ 8 = 750 MB
```

ಏಳೂವರೆಯಿಂದ ಗುಣಿಸಿದರೆ ಆಯಿತು. 60 ಮೆಗಾಬಿಟ್ ಎಂದರೆ ನಿಮಿಷಕ್ಕೆ 450 ಎಂಬಿ, 100 ಎಂದರೆ 750 ಎಂಬಿ, 150 ಎಂದರೆ ಒಂದು ಜಿಬಿ ಮೀರಿ 1125 ಎಂಬಿ, 200 ಎಂದರೆ ಒಂದೂವರೆ ಜಿಬಿ. ಈ ಲೆಕ್ಕದಲ್ಲಿ ರೆಸಲ್ಯೂಶನ್ ಎಲ್ಲಿಯೂ ಕಾಣುವುದಿಲ್ಲ, ಫ್ರೇಮ್ ರೇಟ್ ಕೂಡ ಕಾಣುವುದಿಲ್ಲ. ಅವೆರಡೂ ಬಿಟ್‌ರೇಟನ್ನು ಮೇಲಕ್ಕೆ ತಳ್ಳುತ್ತವೆ ಎಂಬುದು ನಿಜ. ಆದರೆ ಎಷ್ಟು ತಳ್ಳಬೇಕು ಎಂದು ಗೊತ್ತುಮಾಡುವವರು ಕ್ಯಾಮೆರಾ ತಯಾರಕರು ಮತ್ತು ಮೆನುವಿನಲ್ಲಿ ಆಯ್ಕೆ ಒತ್ತುವವರು.

ನಾಲ್ಕು ಪಟ್ಟು ಪಿಕ್ಸೆಲ್, ಮೂರು ಪಟ್ಟೂ ಇಲ್ಲದ ಜಾಗ

ಇದಕ್ಕೆ ಸಾಕ್ಷಿ ಬಹಳ ಜನರ ಜೇಬಿನಲ್ಲೇ ಇದೆ. ಐಫೋನ್‌ನ ಕ್ಯಾಮೆರಾ ಸೆಟ್ಟಿಂಗ್‌ನಲ್ಲಿ ಯಾವ ಆಯ್ಕೆಗೆ ನಿಮಿಷಕ್ಕೆ ಎಷ್ಟು ಎಂಬಿ ಎಂದು ಬರೆದೇ ಇರುತ್ತದೆ. `High Efficiency` ಆಯ್ಕೆಯಲ್ಲಿ, ಎಚ್‌ಡಿಆರ್ ಇಲ್ಲದೆ, ಆಪಲ್ ಕೊಟ್ಟಿರುವ ಅಂದಾಜು ಹೀಗಿದೆ: ಫುಲ್ ಎಚ್‌ಡಿ 30 ಫ್ರೇಮ್‌ಗೆ 60 ಎಂಬಿ, ಫುಲ್ ಎಚ್‌ಡಿ 60 ಫ್ರೇಮ್‌ಗೆ 90 ಎಂಬಿ, 4ಕೆ 30 ಫ್ರೇಮ್‌ಗೆ 170 ಎಂಬಿ, 4ಕೆ 60 ಫ್ರೇಮ್‌ಗೆ 400 ಎಂಬಿ. ಫೋನಿನ ಮಾದರಿ ಬದಲಾದಂತೆ ಈ ಅಂಕಿಗಳು ಸ್ವಲ್ಪ ಆಚೀಚೆ ಆಗುತ್ತವೆ, ಆದರೆ ಅವುಗಳ ನಡುವಿನ ಅನುಪಾತ ನೋಡುವಂಥದ್ದು. ಎಚ್‌ಡಿಯಲ್ಲಿ ಫ್ರೇಮ್ ಎರಡು ಪಟ್ಟಾದಾಗ ಜಾಗ ಒಂದೂವರೆ ಪಟ್ಟಾಯಿತು. ಎಚ್‌ಡಿಯಿಂದ 4ಕೆಗೆ ಹೋದಾಗ ಪಿಕ್ಸೆಲ್ ನಾಲ್ಕು ಪಟ್ಟಾದರೂ ಜಾಗ ಮೂರು ಪಟ್ಟೂ ಆಗಲಿಲ್ಲ. ಆದರೆ 4ಕೆಯಲ್ಲಿ 30ರಿಂದ 60 ಫ್ರೇಮ್‌ಗೆ ಹೋದಾಗ ಜಾಗ ಎರಡು ಪಟ್ಟನ್ನೂ ದಾಟಿತು.

ಮೊದಲ ಎರಡಕ್ಕೆ ಕಾರಣ ಕೋಡೆಕ್‌ನ ಸ್ವಭಾವದಲ್ಲಿದೆ. ಸೆಕೆಂಡಿಗೆ ಹೆಚ್ಚು ಫ್ರೇಮ್ ತೆಗೆದಷ್ಟೂ ಪಕ್ಕಪಕ್ಕದ ಫ್ರೇಮ್‌ಗಳ ನಡುವಿನ ಅಂತರ ಕಿರಿದಾಗುತ್ತದೆ, ಅವು ಒಂದನ್ನೊಂದು ಹೆಚ್ಚು ಹೋಲುತ್ತವೆ, ಬರೆಯಬೇಕಾದ ಬದಲಾವಣೆ ಕಡಿಮೆಯಾಗುತ್ತದೆ. ಪಿಕ್ಸೆಲ್‌ಗಳೂ ಹಾಗೆಯೇ. ಒಂದೇ ಸೀರೆಯ ಸೆರಗನ್ನು ನಾಲ್ಕು ಪಟ್ಟು ಚುಕ್ಕೆಗಳಲ್ಲಿ ಹರಡಿದಾಗ ನೆರೆಯ ಚುಕ್ಕೆಗಳು ಹೆಚ್ಚು ಹೋಲುತ್ತವೆ. ಮೂರನೆಯದಕ್ಕೆ ಸ್ವಭಾವದ ವಿವರಣೆ ಸಾಲದು. ಅಲ್ಲಿ ತಯಾರಕರು ಗುಣಮಟ್ಟ ಕೆಡದಿರಲೆಂದು ಧಾರಾಳವಾಗಿ ಬಿಟ್ ಕೊಟ್ಟಿದ್ದಾರೆ. ಅಂದರೆ ಜಾಗದ ಅಂಕಿಯು ಪಿಕ್ಸೆಲ್ ಮತ್ತು ಫ್ರೇಮ್‌ಗಳ ಗುಣಾಕಾರದಿಂದ ತಾನಾಗಿ ಬಂದು ಬೀಳುವುದಲ್ಲ. ಅದರ ಹಿಂದೆ ಯಾರೋ ಮಾಡಿದ ಒಂದು ತೀರ್ಮಾನ ಇದ್ದೇ ಇರುತ್ತದೆ.

ಮದುವೆ ಸ್ಟುಡಿಯೊಗಳಲ್ಲಿ ಬಳಕೆಯಲ್ಲಿರುವ ಸೋನಿ ಆಲ್ಫಾ 7 IV ಕ್ಯಾಮೆರಾವನ್ನು ಇದರ ಪಕ್ಕದಲ್ಲಿಟ್ಟು ನೋಡಿದರೆ ಮಾತು ಇನ್ನೂ ಸ್ಪಷ್ಟವಾಗುತ್ತದೆ. ಅದರ `XAVC S 4K` ಮೆನುವಿನಲ್ಲಿ 25 ಫ್ರೇಮ್‌ಗೆ 60 ಮೆಗಾಬಿಟ್ ಇದೆ, 100 ಇದೆ, ಹೆಚ್ಚಿನ ಬಣ್ಣದ ಮಾಹಿತಿ ಬೇಕೆಂದರೆ 140 ಕೂಡ ಇದೆ. ಅದೇ 4ಕೆ, ಅದೇ 25 ಫ್ರೇಮ್, ಆದರೂ ನಿಮಿಷಕ್ಕೆ 450 ಎಂಬಿಯಿಂದ 1050 ಎಂಬಿವರೆಗೆ ಮೂರು ಬೇರೆ ಲೆಕ್ಕ. ಅದೇ ಕ್ಯಾಮೆರಾದಲ್ಲಿ ಫುಲ್ ಎಚ್‌ಡಿಯ ಒಳ್ಳೆಯ ಆಯ್ಕೆ 50 ಮೆಗಾಬಿಟ್, ಅಂದರೆ ನಿಮಿಷಕ್ಕೆ 375 ಎಂಬಿ. ಎಚ್‌ಡಿಯ ಈ ಆಯ್ಕೆಗೂ 4ಕೆಯ 60 ಮೆಗಾಬಿಟ್ ಆಯ್ಕೆಗೂ ಜಾಗದಲ್ಲಿರುವ ವ್ಯತ್ಯಾಸ ಐದರಲ್ಲಿ ಒಂದು ಪಾಲು ಮಾತ್ರ. ‘ಜಾಗ ಉಳಿಸಲು ಎಚ್‌ಡಿಗೆ ಇಳಿಸಿದೆವು’ ಎನ್ನುವವರು ಎಷ್ಟೋ ಸಲ ಮುಕ್ಕಾಲು ಪಾಲು ಪಿಕ್ಸೆಲ್ ಕಳೆದುಕೊಂಡು ಅಲ್ಪಸ್ವಲ್ಪ ಜಾಗವನ್ನಷ್ಟೇ ಉಳಿಸಿರುತ್ತಾರೆ. ‘4ಕೆಯಲ್ಲೇ ತೆಗೆದೆವು’ ಎನ್ನುವ ಮಾತೂ, ಎಷ್ಟು ಮೆಗಾಬಿಟ್ ಎಂದು ಹೇಳದಿದ್ದರೆ, ಅರ್ಧ ಮಾತು.

ಅಕ್ಷತೆ ಎಂಬ ಪರೀಕ್ಷೆ

ಹಾಗಾದರೆ 60 ಮೆಗಾಬಿಟ್‌ನಲ್ಲೇ ಇಡೀ ಮದುವೆ ತೆಗೆದುಬಿಡಬಹುದಲ್ಲ ಎಂಬ ಪ್ರಶ್ನೆ ಸಹಜ. ಆರತಕ್ಷತೆಗೆ ತೆಗೆಯಬಹುದು. ವೇದಿಕೆಯ ಮೇಲೆ ಗಂಡು ಹೆಣ್ಣು ನಿಂತಿರುತ್ತಾರೆ, ಹಿನ್ನೆಲೆ ಕದಲುವುದಿಲ್ಲ, ಕ್ಯಾಮೆರಾ ಟ್ರೈಪಾಡ್ ಮೇಲಿರುತ್ತದೆ, ಬಂಧುಗಳು ಸಾಲಾಗಿ ಬಂದು ಹಾರೈಸಿ ಹೋಗುತ್ತಾರೆ. ಕೋಡೆಕ್‌ಗೆ ಇದಕ್ಕಿಂತ ಸುಲಭದ ದೃಶ್ಯ ಸಿಗುವುದಿಲ್ಲ. ಒಮ್ಮೆ ಬರೆದ ಹಿನ್ನೆಲೆಯನ್ನೇ ಮತ್ತೆ ಮತ್ತೆ ಎತ್ತಿಕೊಂಡು ಉಳಿದ ಬಿಟ್‌ಗಳನ್ನೆಲ್ಲ ಮುಖಗಳಿಗೆ ಕೊಡುತ್ತದೆ.

ಮುಹೂರ್ತದ ಹೊತ್ತು ಹಾಗಲ್ಲ. ಗಟ್ಟಿಮೇಳ ಮೊಳಗುತ್ತಿದ್ದಂತೆ ನಾಲ್ಕೂ ಕಡೆಯಿಂದ ಅಕ್ಷತೆ ಬೀಳುತ್ತದೆ. ನೂರಾರು ಕಾಳುಗಳು ಒಂದೊಂದು ದಿಕ್ಕಿಗೆ, ಒಂದೊಂದು ವೇಗದಲ್ಲಿ ಹಾರುತ್ತವೆ. ಹಿಂದಿನ ಫ್ರೇಮ್ ನೋಡಿ ಮುಂದಿನ ಫ್ರೇಮನ್ನು ಊಹಿಸುವುದು ಕೋಡೆಕ್‌ನ ಕಸುಬು. ಇಲ್ಲಿ ಊಹಿಸಲು ಏನೂ ಇಲ್ಲ, ಪ್ರತಿ ಫ್ರೇಮೂ ಹೊಸದು. ಮೇಲಾಗಿ ಹೋಮದ ಹೊಗೆ ಸುರುಳಿ ಸುತ್ತುತ್ತಿರುತ್ತದೆ, ಜರಿಯ ಅಂಚು ಬೆಳಕಿಗೆ ಮಿನುಗುತ್ತಿರುತ್ತದೆ, ಎಲ್ಲರೂ ಒಮ್ಮೆಲೇ ಎದ್ದು ನಿಂತಿರುತ್ತಾರೆ. ಆದರೆ ಸೆಕೆಂಡಿಗೆ ಇಷ್ಟೇ ಬಿಟ್ ಎಂಬ ಮಿತಿ ಬದಲಾಗುವುದಿಲ್ಲ. ಹಾರುವ ಕಾಳುಗಳು ಬಿಟ್‌ಗಳನ್ನು ಕಬಳಿಸಿದಾಗ ಕೊರತೆ ಬೀಳುವುದು ಮುಖಗಳಿಗೆ. ಕೆನ್ನೆ ಹಣೆಗಳ ನಯವಾದ ಛಾಯೆ ಚೌಕ ಚೌಕವಾಗಿ ಒಡೆಯುತ್ತದೆ, ಜರಿ ಕಲಸಿಹೋಗುತ್ತದೆ, ಹೊಗೆ ಮೆಟ್ಟಿಲು ಮೆಟ್ಟಿಲಾಗಿ ಕಾಣುತ್ತದೆ. ಇಡೀ ದಿನ ಚೆನ್ನಾಗಿ ಬಂದ ವಿಡಿಯೊ ಮದುವೆಯ ಅತಿ ಮುಖ್ಯವಾದ ಅರ್ಧ ನಿಮಿಷದಲ್ಲಿ ಹದಗೆಡಲು ಇದೇ ಕಾರಣ. ಎಡಿಟಿಂಗ್‌ನಲ್ಲಿ ಇದನ್ನು ಸರಿಪಡಿಸಲಾಗದು, ಏಕೆಂದರೆ ಆ ವಿವರ ಕಾರ್ಡ್ ಮೇಲೆ ಬರೆದೇ ಇರುವುದಿಲ್ಲ.

ಇದನ್ನು ಮುಂಚೆಯೇ ಪರೀಕ್ಷಿಸಬಹುದು, ಅದಕ್ಕೆ ಯಾವ ಉಪಕರಣವೂ ಬೇಡ. ಮದುವೆಗೆ ಒಂದು ವಾರ ಇರುವಾಗ ಮನೆಯ ಬೆಳಕಿನಲ್ಲಿ ಒಬ್ಬರನ್ನು ಜರಿ ಸೀರೆಯಲ್ಲಿ ಕೂರಿಸಿ, ಅವರ ಮುಂದೆ ಒಂದೊಂದು ಹಿಡಿ ಅಕ್ಕಿ ಎರಚುತ್ತ ಪ್ರತಿ ಸೆಟ್ಟಿಂಗ್‌ನಲ್ಲಿ ಒಂದು ನಿಮಿಷ ರೆಕಾರ್ಡ್ ಮಾಡಬೇಕು. ನಂತರ ಕಂಪ್ಯೂಟರಿನಲ್ಲಿ ತೆರೆದು, ಕಾಳು ಗಾಳಿಯಲ್ಲಿರುವ ಫ್ರೇಮ್‌ನಲ್ಲಿ ನಿಲ್ಲಿಸಿ ಮುಖದ ಮೇಲೆ ಕಣ್ಣಿಡಬೇಕು. ಚೌಕಗಳು ಕಂಡರೆ ಆ ಬಿಟ್‌ರೇಟ್ ಮುಹೂರ್ತಕ್ಕೆ ಸಾಲದು. ಅದೇ ಫೈಲಿನ ಗಾತ್ರವನ್ನೂ ನೋಡಬೇಕು. 100 ಮೆಗಾಬಿಟ್ ಎಂದು ಆಯ್ದ ಒಂದು ನಿಮಿಷದ ಫೈಲು 750 ಎಂಬಿ ಆಸುಪಾಸಿನಲ್ಲಿರಬೇಕು. 450ರ ಹತ್ತಿರ ಇದ್ದರೆ ಮೆನುವಿನಲ್ಲಿ ಬೇರೆ ಸಾಲನ್ನು ಒತ್ತಿದ್ದಾರೆ ಎಂದರ್ಥ.

25 ಫ್ರೇಮ್ ಏಕೆ, 30 ಅಥವಾ 60 ಏಕಲ್ಲ

ಫ್ರೇಮ್ ರೇಟ್ ಆಯ್ಕೆಯಲ್ಲಿ ಜಾಗಕ್ಕಿಂತ ಮೊದಲು ನಮ್ಮ ಕರೆಂಟಿನ ಮಾತು ಬರುತ್ತದೆ. ಭಾರತದ ವಿದ್ಯುತ್ 50 ಹರ್ಟ್ಸ್‌ನದು. ಅದರಿಂದ ಉರಿಯುವ ಟ್ಯೂಬ್‌ಲೈಟ್ ಮತ್ತು ಅಗ್ಗದ ಎಲ್‌ಇಡಿ ದೀಪಗಳ ಬೆಳಕು ಕಣ್ಣಿಗೆ ಕಾಣದಂತೆ ಸೆಕೆಂಡಿಗೆ 100 ಸಲ ಏರಿಳಿಯುತ್ತದೆ. 25 ಫ್ರೇಮ್‌ಗೆ ಒಗ್ಗುವ ಶಟರ್ ವೇಗ ಸೆಕೆಂಡಿನ 50ರಲ್ಲಿ ಒಂದು ಭಾಗ, ಅದರೊಳಗೆ ಸರಿಯಾಗಿ ಎರಡು ಏರಿಳಿತ ಕೂರುತ್ತವೆ. ಪ್ರತಿ ಫ್ರೇಮ್‌ಗೂ ಸಮನಾದ ಬೆಳಕು ಸಿಗುತ್ತದೆ. 30 ಅಥವಾ 60 ಫ್ರೇಮ್ ಆಯ್ದು ಶಟರನ್ನು 60ರಲ್ಲಿ ಒಂದು ಭಾಗಕ್ಕೆ ಬಿಟ್ಟರೆ ಒಂದು ಪೂರ್ತಿ ಏರಿಳಿತ, ಇನ್ನೊಂದರ ಮುಕ್ಕಾಲಿಗೂ ಕಡಿಮೆ ಭಾಗ ಸೇರಿ ಫ್ರೇಮಿನಿಂದ ಫ್ರೇಮಿಗೆ ಬೆಳಕು ಬದಲಾಗುತ್ತದೆ. ಕಲ್ಯಾಣ ಮಂಟಪದ ಗೋಡೆಗಳು ಮಿಡಿದಂತೆ ಅಥವಾ ಪಟ್ಟೆ ಪಟ್ಟೆ ಓಡಿದಂತೆ ಕಾಣುವ ವಿಡಿಯೊಗಳಿಗೆ ಹಲವು ಸಲ ಇದೇ ಕಾರಣ. 30 ಫ್ರೇಮ್‌ನಲ್ಲೂ ಶಟರನ್ನು 50ಕ್ಕೋ 100ಕ್ಕೋ ಕಟ್ಟಿಹಾಕಿದರೆ ಈ ತೊಂದರೆ ನೀಗುತ್ತದೆ. ಆದರೆ ಕ್ಯಾಮೆರಾವನ್ನೇ 25 ಮತ್ತು 50ರ ಪದ್ಧತಿಯಲ್ಲಿಟ್ಟರೆ ಮರೆತುಹೋಗುವ ಭಯವೇ ಇರುವುದಿಲ್ಲ. ಜಾಗದ ಲಾಭ ಅದರ ಜೊತೆಗೆ ಬರುತ್ತದೆ.

ಎಲ್ಲ ಕ್ಯಾಮೆರಾಗಳೂ ಒಂದೇ ಪದ್ಧತಿಯಲ್ಲಿರುವುದು ಅಷ್ಟೇ ಮುಖ್ಯ. ಎರಡು ಕ್ಯಾಮೆರಾ 25ರಲ್ಲಿದ್ದು, ತಮ್ಮನ ಫೋನು 30ರಲ್ಲಿದ್ದರೆ, ಆ ಫೋನಿನ ದೃಶ್ಯವನ್ನು ಜೋಡಿಸುವಾಗ ಸೆಕೆಂಡಿಗೆ ಐದು ಫ್ರೇಮ್ ಬಿಸಾಡಬೇಕಾಗುತ್ತದೆ. ಮದುಮಗಳು ಮಂಟಪಕ್ಕೆ ನಡೆದು ಬರುವ ದೃಶ್ಯ ಆಗ ಹೆಜ್ಜೆ ಹೆಜ್ಜೆಗೂ ತಡವರಿಸಿದಂತೆ ಕಾಣುತ್ತದೆ. ಐಫೋನ್‌ನಲ್ಲಿ `Show PAL Formats` ಎಂಬುದನ್ನು ತೆರೆದರೆ 25 ಫ್ರೇಮ್‌ನ ಆಯ್ಕೆ ಸಿಗುತ್ತದೆ. ಮನೆಯವರ ಫೋನಿನ ತುಣುಕುಗಳನ್ನೂ ಸೇರಿಸುವ ಯೋಚನೆ ಇದ್ದರೆ ಹಿಂದಿನ ದಿನವೇ ಇದನ್ನು ಬದಲಿಸಿಡುವುದು ಒಳ್ಳೆಯದು.

ಇಲ್ಲಿ ಏಳುವ ಬಲವಾದ ಆಕ್ಷೇಪ ಒಂದಿದೆ: ಎಲ್ಲವನ್ನೂ 50 ಫ್ರೇಮ್‌ನಲ್ಲಿ ತೆಗೆದಿಟ್ಟರೆ ಯಾವುದನ್ನು ನಿಧಾನಗತಿ ಮಾಡಬೇಕೆಂದು ಆಮೇಲೆ ತೀರ್ಮಾನಿಸಬಹುದಲ್ಲ? 25ರ ವೇಗದಲ್ಲಿ ಓಡಿಸಿದಾಗ 50 ಫ್ರೇಮ್‌ನ ದೃಶ್ಯ ಅರ್ಧ ವೇಗಕ್ಕೆ ಇಳಿಯುತ್ತದೆ, ಅದರ ಸೊಗಸನ್ನು ಯಾರೂ ಅಲ್ಲಗಳೆಯಲಾರರು. ಆದರೆ ಈ ಅನುಕೂಲಕ್ಕೆ ಮೂರು ಕಡೆ ಬೆಲೆ ತೆರಬೇಕು. ಮೊದಲನೆಯದು ಬೆಳಕು. 50 ಫ್ರೇಮ್‌ಗೆ ಶಟರ್ 100ರಲ್ಲಿ ಒಂದು ಭಾಗವಾಗುತ್ತದೆ, ಒಳಬರುವ ಬೆಳಕು ಅರ್ಧಕ್ಕಿಳಿಯುತ್ತದೆ. ಬೆಳಗಿನ ಜಾವದ ಮುಹೂರ್ತದಲ್ಲಿ, ಮಂದ ದೀಪಗಳ ಛತ್ರದಲ್ಲಿ, ಆ ಕೊರತೆ ತುಂಬಲು ಐಎಸ್‌ಒ ದ್ವಿಗುಣಗೊಳಿಸಬೇಕು, ಆಗ ಚಿತ್ರದಲ್ಲಿ ಕಾಳುಕಾಳಾದ ಗದ್ದಲ ಹೆಚ್ಚುತ್ತದೆ. ಈ ಗದ್ದಲವೂ ಅಕ್ಷತೆಯಂತೆಯೇ, ಪ್ರತಿ ಫ್ರೇಮ್‌ನಲ್ಲಿ ಹೊಸದು, ಊಹೆಗೆ ಸಿಗದ್ದು. ಕೋಡೆಕ್ ತನ್ನ ಬಿಟ್‌ಗಳನ್ನು ಅದಕ್ಕೂ ಸುರಿಯುತ್ತದೆ.

ಎರಡನೆಯದು ಪ್ರತಿ ಫ್ರೇಮ್‌ಗೆ ಸಿಗುವ ಪಾಲು. 100 ಮೆಗಾಬಿಟ್‌ನ 25 ಫ್ರೇಮ್‌ನಲ್ಲಿ ಒಂದು ಫ್ರೇಮ್‌ಗೆ ಸರಾಸರಿ 4 ಮೆಗಾಬಿಟ್ ದಕ್ಕುತ್ತದೆ. 150 ಮೆಗಾಬಿಟ್‌ನ 50 ಫ್ರೇಮ್‌ನಲ್ಲಿ ಸಿಗುವುದು 3 ಮಾತ್ರ. ಜಾಗ ಒಂದೂವರೆ ಪಟ್ಟು ಹೋಯಿತು, ಒಂದೊಂದು ಚಿತ್ರದ ಪಾಲು ಮಾತ್ರ ಕುಗ್ಗಿತು. ಪಕ್ಕಪಕ್ಕದ ಫ್ರೇಮ್‌ಗಳು ಹೆಚ್ಚು ಹೋಲುವುದರಿಂದ ಸಾಮಾನ್ಯ ದೃಶ್ಯದಲ್ಲಿ ಈ ಕಡಿತ ಕಾಣುವುದಿಲ್ಲ. ಕತ್ತಲು, ಗದ್ದಲ, ಅಕ್ಷತೆ ಮೂರೂ ಸೇರಿದಾಗ ಕಾಣುತ್ತದೆ. ಮೂರನೆಯದು ಕ್ಯಾಮೆರಾದ ನೋಟ. ಆಲ್ಫಾ 7 IV 4ಕೆ 50 ಫ್ರೇಮ್‌ಗೆ ಹೋದಾಗ ಸೆನ್ಸರ್‌ನ ನಡುಭಾಗವನ್ನಷ್ಟೇ ಬಳಸುತ್ತದೆ, ಚೌಕಟ್ಟು ಕಿರಿದಾಗುತ್ತದೆ. ಇಕ್ಕಟ್ಟಾದ ಮಂಟಪದಲ್ಲಿ ಎರಡೂ ಕಡೆಯ ತಂದೆತಾಯಿಯರನ್ನು ಒಂದೇ ಚೌಕಟ್ಟಿನಲ್ಲಿ ಹಿಡಿಯಬೇಕಾದವರಿಗೆ ಇದು ಸಣ್ಣ ನಷ್ಟವಲ್ಲ. ಇಷ್ಟೆಲ್ಲ ತೆತ್ತು ತೆಗೆದ ಗಂಟೆಗಟ್ಟಲೆ ದೃಶ್ಯದಲ್ಲಿ ನಿಧಾನಗತಿಗೆ ಬಳಕೆಯಾಗುವುದು ಕೆಲವೇ ನಿಮಿಷ. ಮಂತ್ರ, ಮಾತು, ವಾದ್ಯ ಇರುವ ದೃಶ್ಯಗಳನ್ನು ನಿಧಾನ ಮಾಡಿದರೆ ಅವುಗಳ ಧ್ವನಿಯನ್ನೇ ಕಳೆದುಕೊಳ್ಳಬೇಕಾಗುತ್ತದೆ.

ಒಂದು ಮದುವೆಯ ಲೆಕ್ಕ

ಈಗ ಒಂದು ಮದುವೆಯನ್ನು ಮುಂದಿಟ್ಟುಕೊಳ್ಳೋಣ. ಹಿಂದಿನ ಸಂಜೆ ಮೂರು ಗಂಟೆಯ ಆರತಕ್ಷತೆ, ಮರುದಿನ ಬೆಳಿಗ್ಗೆ ನಾಲ್ಕು ಗಂಟೆಯ ಶಾಸ್ತ್ರ ಮತ್ತು ಮುಹೂರ್ತ. ಒಂದು ಕ್ಯಾಮೆರಾ ಟ್ರೈಪಾಡ್ ಮೇಲೆ ನಿಂತು ಏಳೂ ಗಂಟೆ ಎಡೆಬಿಡದೆ ರೆಕಾರ್ಡ್ ಮಾಡುತ್ತದೆ. ಕೈಯಲ್ಲಿ ಹಿಡಿದ ಇನ್ನೊಂದು ಕ್ಯಾಮೆರಾ ಎರಡೂ ದಿನ ಸೇರಿ ಮೂರು ಗಂಟೆ ರೆಕಾರ್ಡ್ ಮಾಡುತ್ತದೆ. ಒಟ್ಟು 600 ನಿಮಿಷ.

ಎಲ್ಲವನ್ನೂ 4ಕೆ 50 ಫ್ರೇಮ್, 200 ಮೆಗಾಬಿಟ್‌ನಲ್ಲಿ ತೆಗೆದರೆ 900 ಜಿಬಿ ಆಗುತ್ತದೆ. 150 ಮೆಗಾಬಿಟ್‌ಗೆ ಇಳಿಸಿದರೂ 675 ಜಿಬಿ. ಬದಲಿಗೆ ದೃಶ್ಯಕ್ಕೆ ತಕ್ಕಂತೆ ಹಂಚೋಣ. ಟ್ರೈಪಾಡ್ ಕ್ಯಾಮೆರಾ ಆರತಕ್ಷತೆಯನ್ನು 4ಕೆ 25 ಫ್ರೇಮ್, 60 ಮೆಗಾಬಿಟ್‌ನಲ್ಲಿ ತೆಗೆಯಲಿ, 180 ನಿಮಿಷಕ್ಕೆ 81 ಜಿಬಿ. ಮುಹೂರ್ತದ ಬೆಳಿಗ್ಗೆ ಅದನ್ನೇ 100 ಮೆಗಾಬಿಟ್‌ಗೆ ಏರಿಸಿದರೆ 240 ನಿಮಿಷಕ್ಕೆ 180 ಜಿಬಿ. ಕೈಯ ಕ್ಯಾಮೆರಾ 150 ನಿಮಿಷ 25 ಫ್ರೇಮ್, 100 ಮೆಗಾಬಿಟ್‌ನಲ್ಲಿದ್ದರೆ ಸುಮಾರು 113 ಜಿಬಿ. ಉಳಿದ 30 ನಿಮಿಷ ನಿಧಾನಗತಿಗೆ. ಮದುಮಗಳ ಪ್ರವೇಶ, ಆರತಿ, ಅಕ್ಷತೆ, ಹೂಚೆಂಡಿನಾಟ, ಹೆಣ್ಣೊಪ್ಪಿಸುವ ಹೊತ್ತು, ಇವಕ್ಕೆ ಜಿಪುಣತನ ಬೇಡ. 50 ಫ್ರೇಮ್‌ಗೆ ಪೂರ್ತಿ 200 ಮೆಗಾಬಿಟ್ ಕೊಟ್ಟರೆ ಪ್ರತಿ ಫ್ರೇಮ್‌ಗೂ ಅದೇ 4 ಮೆಗಾಬಿಟ್‌ನ ಪಾಲು ಉಳಿಯುತ್ತದೆ, ಜಾಗ 45 ಜಿಬಿ. ಎಲ್ಲ ಕೂಡಿದರೆ ಸುಮಾರು 420 ಜಿಬಿ. ಅಂದರೆ ಎಲ್ಲವನ್ನೂ 200 ಮೆಗಾಬಿಟ್‌ನಲ್ಲಿ ತೆಗೆದ ಒಂದೇ ಪ್ರತಿಗೆ ಬೇಕಾಗುವ ಜಾಗದಲ್ಲಿ ಇದರ ಎರಡು ಪ್ರತಿಗಳು ಹಿಡಿಸುತ್ತವೆ.

ಇದರ ಪರಿಣಾಮ ಮಂಟಪದಲ್ಲೇ ಕಾಣುತ್ತದೆ. 256 ಜಿಬಿಯ ಕಾರ್ಡ್ 100 ಮೆಗಾಬಿಟ್‌ನಲ್ಲಿ ಲೆಕ್ಕಕ್ಕೆ 341 ನಿಮಿಷ ಬರುತ್ತದೆ. ಫೈಲ್ ವ್ಯವಸ್ಥೆಗೆ ಹೋಗುವ ಜಾಗ ಕಳೆದರೂ ನಾಲ್ಕು ಗಂಟೆಯ ಮುಹೂರ್ತ ಒಂದೇ ಕಾರ್ಡ್‌ನಲ್ಲಿ ನಿರಾಳವಾಗಿ ಮುಗಿಯುತ್ತದೆ. 50 ಫ್ರೇಮ್‌ನ 150 ಮೆಗಾಬಿಟ್‌ನಲ್ಲಿ ಅದೇ ಕಾರ್ಡ್ 227 ನಿಮಿಷಕ್ಕೆ ತುಂಬುತ್ತದೆ, ನಾಲ್ಕು ಗಂಟೆಗೆ ಹದಿಮೂರು ನಿಮಿಷ ಕಡಿಮೆ. 200 ಮೆಗಾಬಿಟ್‌ನಲ್ಲಿ ಮೂರು ಗಂಟೆಯೂ ಬರುವುದಿಲ್ಲ. ಆಗ ಶಾಸ್ತ್ರದ ನಡುವೆ ಎಲ್ಲೋ ಒಂದು ಕಡೆ ಕಾರ್ಡ್ ಬದಲಿಸಲೇಬೇಕು. ಮುಹೂರ್ತದ ಗಳಿಗೆ ಕಾರ್ಡ್‌ಗಾಗಿ ಕಾಯುವುದಿಲ್ಲ.

ಇನ್ನೆರಡು ಆಕ್ಷೇಪ

ಕಾರ್ಡ್ ಹಾಗೂ ಹಾರ್ಡ್ ಡಿಸ್ಕ್ ಈಗ ಅಗ್ಗ, ಇಷ್ಟು ಲೆಕ್ಕ ಹಾಕುವುದೇಕೆ ಎನ್ನುವವರಿದ್ದಾರೆ. ಡಿಸ್ಕ್ ಅಗ್ಗವಾಗಿದ್ದರೂ ಸಮಯ ಅಗ್ಗವಲ್ಲ. ಸಾಮಾನ್ಯ ಹಾರ್ಡ್ ಡಿಸ್ಕ್‌ಗೆ ಸೆಕೆಂಡಿಗೆ 100 ಎಂಬಿಯಂತೆ ನಕಲು ಮಾಡಿದರೆ 900 ಜಿಬಿಗೆ ಎರಡೂವರೆ ಗಂಟೆ, 420 ಜಿಬಿಗೆ ಒಂದು ಗಂಟೆ ಹತ್ತು ನಿಮಿಷ. ಎರಡು ಪ್ರತಿ ಎಂದರೆ ಅದರ ಇಮ್ಮಡಿ. ಮದುವೆಯ ತಿಂಗಳುಗಳಲ್ಲಿ ಇವತ್ತಿನ ಮುಹೂರ್ತ ಮುಗಿಸಿ ಸಂಜೆ ಇನ್ನೊಂದೂರಿನ ಆರತಕ್ಷತೆಗೆ ಓಡುವ ತಂಡಕ್ಕೆ ಐದು ಗಂಟೆ ಎಲ್ಲಿಂದ ಬರಬೇಕು? ಆಗ ಆಗುವುದು ಒಂದೇ. ಮೊದಲ ಪ್ರತಿಯಾಗುತ್ತದೆ, ಎರಡನೆಯದು ‘ನಾಳೆ’ ಎಂದಾಗುತ್ತದೆ, ಕಾರ್ಡ್ ಇನ್ನೊಂದು ಮದುವೆಗಾಗಿ ಅಳಿಸಿಹೋಗುತ್ತದೆ. ಆ ಒಂದು ಡಿಸ್ಕ್ ಕೈಜಾರಿ ಬಿದ್ದರೆ ಮದುವೆಯೇ ಹೋಯಿತು. ವಿಪರೀತ ಸೆಟ್ಟಿಂಗ್‌ನ ನಿಜವಾದ ಅಪಾಯ ಇಲ್ಲಿದೆ. ಹಿಡಿತಕ್ಕೆ ಸಿಗದಷ್ಟು ದೊಡ್ಡ ಫೈಲುಗಳು ಎರಡನೆಯ ಪ್ರತಿಯನ್ನು ಮುಂದೂಡಿಸುತ್ತವೆ.

ಇದಕ್ಕೆ ಎದುರು ದಿಕ್ಕಿನ ಮಾತೂ ಕೇಳಿಬರುತ್ತದೆ: ಎಲ್ಲರೂ ನೋಡುವುದು ಫೋನಿನಲ್ಲಿ, ಫುಲ್ ಎಚ್‌ಡಿ ಸಾಕಲ್ಲ? ಕೊನೆಗೆ ಕೈಗೆ ಕೊಡುವ ವಿಡಿಯೊ ಎಚ್‌ಡಿಯಲ್ಲಿದ್ದರೂ ತಪ್ಪಿಲ್ಲ ಎಂಬುದು ಸರಿ. ಆದರೆ ತೆಗೆಯುವಾಗ 4ಕೆ ಇದ್ದರೆ, ದೂರದ ಟ್ರೈಪಾಡ್‌ನಿಂದ ತೆಗೆದ ದೃಶ್ಯದಲ್ಲಿ ಚೌಕಟ್ಟಿನ ಕಾಲು ಭಾಗವನ್ನಷ್ಟೇ ಕತ್ತರಿಸಿ ತೆಗೆದರೂ ಅದು ಪೂರ್ತಿ ಎಚ್‌ಡಿಯಾಗಿ ಉಳಿಯುತ್ತದೆ. ತಾಳಿ ಕಟ್ಟುವಾಗ ಮುಂದೆ ಯಾರೋ ಅಡ್ಡ ನಿಂತಾಗ, ಮೂಲೆಯಲ್ಲಿ ಅಜ್ಜಿ ಕಣ್ಣೊರೆಸಿಕೊಂಡಾಗ, ಈ ಸೌಕರ್ಯ ಇನ್ನೊಂದು ಕ್ಯಾಮೆರಾದಷ್ಟು ಬೆಲೆ ಬಾಳುತ್ತದೆ. ಹಾಗೆಂದು ಎಚ್‌ಡಿಯನ್ನು ತಳ್ಳಿಹಾಕಬೇಕಿಲ್ಲ. ಹಳೆಯ ಕ್ಯಾಮೆರಾ ಮಾತ್ರ ಇದ್ದಾಗ, ಬಿಟ್ ಸಾಲದೆ ಸೊರಗಿದ 4ಕೆಗಿಂತ 50 ಮೆಗಾಬಿಟ್‌ನ ಎಚ್‌ಡಿ ಮೇಲು. ಅಕ್ಕಿಯ ಪರೀಕ್ಷೆಯಲ್ಲಿ ಎರಡನ್ನೂ ಪಕ್ಕಪಕ್ಕ ಇಟ್ಟರೆ ಕಣ್ಣೇ ತೀರ್ಪು ಕೊಡುತ್ತದೆ.

ಜಾಗವನ್ನು ಇನ್ನೂ ಉಳಿಸುವ ದಾರಿಯೆಂದು ಎಚ್‌ಇವಿಸಿ ಎಂಬ ಹೊಸ ಕೋಡೆಕ್‌ನ ಹೆಸರು ಹೇಳುವವರುಂಟು. ಹಳೆಯ ಎಚ್.264ಕ್ಕೆ ಹೋಲಿಸಿದರೆ ಅದು ಹೆಚ್ಚುಕಡಿಮೆ ಅರ್ಧ ಬಿಟ್‌ನಲ್ಲಿ ಅದೇ ಗುಣಮಟ್ಟ ಕೊಡಬಲ್ಲದು. ಫೋನಿನ 4ಕೆ ನಿಮಿಷ 170 ಎಂಬಿಗೆ ಇಳಿಯಲು ಅದೂ ಒಂದು ಕಾರಣ. ಆದರೆ ಬಿಡಿಸಿ ಓದಲು ಅದಕ್ಕೆ ಹೆಚ್ಚು ಶಕ್ತಿಯ ಕಂಪ್ಯೂಟರ್ ಬೇಕು, ಹಳೆಯ ಯಂತ್ರಗಳಲ್ಲಿ ಎಡಿಟಿಂಗ್ ತಡವರಿಸುತ್ತದೆ. ಸ್ಟುಡಿಯೊದ ಕಂಪ್ಯೂಟರ್ ಅದನ್ನು ಸಲೀಸಾಗಿ ಓಡಿಸುತ್ತದೆಯೇ ಎಂದು ಮೊದಲೇ ನೋಡಿಕೊಂಡವರು ಧಾರಾಳವಾಗಿ ಬಳಸಬಹುದು, ಮದುವೆಯ ದಿನ ಮೊದಲ ಸಲ ಪ್ರಯೋಗಿಸುವುದು ಮಾತ್ರ ಬೇಡ.

ಹೀಗಾಗಿ ಮದುವೆ ಗೊತ್ತಾದವರು ಸ್ಟುಡಿಯೊದವರನ್ನು ಕೇಳಬೇಕಾದ ಪ್ರಶ್ನೆ ‘4ಕೆ ತಾನೇ?’ ಎಂಬುದಲ್ಲ. ಮೂರು ಪ್ರಶ್ನೆ ಕೇಳಿ. ಮುಹೂರ್ತವನ್ನು ಎಷ್ಟು ಮೆಗಾಬಿಟ್‌ನಲ್ಲಿ ತೆಗೆಯುತ್ತೀರಿ? ಆ ಲೆಕ್ಕಕ್ಕೆ ನಾಲ್ಕು ಗಂಟೆ ಒಂದೇ ಕಾರ್ಡ್‌ನಲ್ಲಿ ಬರುತ್ತದೆಯೇ? ಕಾರ್ಡ್ ಅಳಿಸುವ ಮೊದಲು ಎಷ್ಟು ಪ್ರತಿ, ಎಷ್ಟು ಡಿಸ್ಕ್‌ನಲ್ಲಿ ಇರುತ್ತದೆ? 100 ಮೆಗಾಬಿಟ್, ಹೌದು, ಎರಡು ಎಂಬ ಉತ್ತರ ಬಂದರೆ ಮುಂಗಡ ಕೊಡಬಹುದು.